ನಮ್ಮ ಊರಿನ ಅಂತರ್ಜಲ: ಈ ಗ್ರಾಫ್ ಏನು ಹೇಳುತ್ತಿದೆ?

ಮುಖ್ಯೋಪಾಧ್ಯಾಯರಿಗೆ, ಶಿಕ್ಷಕರಿಗೆ ಮತ್ತು ಎಲ್ಲ ಗೆಳೆಯರಿಗೆ ನಮಸ್ಕಾರ.

ಈ ಚಾರ್ಟ್‌ನಲ್ಲಿರುವುದು ಊರಿನ ಒಂದು ವೀಕ್ಷಣಾ ಬಾವಿಯ ನೀರಿನ ಮಟ್ಟ. ಅಡ್ಡಗೆರೆಯಲ್ಲಿ ವರ್ಷಗಳಿವೆ, ಉದ್ದಗೆರೆಯಲ್ಲಿ ನೆಲದಿಂದ ನೀರಿಗೆ ಇರುವ ಆಳ. ಸೊನ್ನೆ ಮೇಲ್ತುದಿಯಲ್ಲಿದೆ ನೋಡಿ, ಅದೇ ನಾವು ನಿಂತಿರುವ ನೆಲ. ಹಾಗಾಗಿ ಗೆರೆ ಇಳಿದಷ್ಟೂ ನೀರು ನಮ್ಮಿಂದ ದೂರವಾಗಿದೆ ಎಂದರ್ಥ. 2014ರ ಬೇಸಿಗೆಯಲ್ಲಿ 9 ಮೀಟರ್ ಇದ್ದ ಆಳ 2024ರ ಬೇಸಿಗೆಯಲ್ಲಿ 21 ಮೀಟರ್ ಆಗಿದೆ.

ಗೆರೆ ಗರಗಸದ ಹಲ್ಲಿನಂತಿದೆ. ಮಳೆಗಾಲ ಮುಗಿದಾಗ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಅದು ಸಹಜ. ನನ್ನನ್ನು ಕಾಡಿದ್ದು ಬೇರೆಯೇ: ಪ್ರತಿ ಹಲ್ಲಿನ ತುದಿಯೂ ಹಿಂದಿನದಕ್ಕಿಂತ ಕೆಳಗಿದೆ. ಅಂದರೆ ಒಳ್ಳೆ ಮಳೆಯಾದ ವರ್ಷವೂ ನಾವು ಎತ್ತಿದಷ್ಟು ನೀರು ನೆಲದೊಳಗೆ ಇಂಗಿಲ್ಲ! ಇದಕ್ಕೆ ಮಳೆಯನ್ನಷ್ಟೇ ದೂರುವುದು ಸರಿಯಲ್ಲ. ಬೋರ್‌ವೆಲ್‌ಗಳು ಹೆಚ್ಚಿದವು, ಕಾಂಕ್ರೀಟ್ ಮೇಲೆ ಬಿದ್ದ ನೀರು ನೇರ ಚರಂಡಿ ಸೇರುತ್ತಿದೆ.

ಇದು ಒಂದೇ ಬಾವಿಯ ಲೆಕ್ಕ, ಬೇರೆ ಬಡಾವಣೆಯಲ್ಲಿ ಅಂಕಿ ಬೇರೆ ಇರಬಹುದು.

ನಮ್ಮ ಶಾಲೆಯ ಚಾವಣಿಯ ನೀರೂ ಚರಂಡಿಗೇ ಹೋಗುತ್ತಿದೆ. ಅದನ್ನು ಇಂಗುಗುಂಡಿಗೆ ತಿರುಗಿಸಬೇಕೆಂದು ನಮ್ಮ ತರಗತಿ ಇಂದು ಮುಖ್ಯೋಪಾಧ್ಯಾಯರಿಗೆ ಮನವಿ ಕೊಡುತ್ತಿದೆ. ಮನವಿ ಪತ್ರ ಮಧ್ಯಾಹ್ನದವರೆಗೆ ವಿಜ್ಞಾನ ಕೊಠಡಿಯಲ್ಲಿರುತ್ತದೆ, ದಯವಿಟ್ಟು ಎಲ್ಲರೂ ಬಂದು ಸಹಿ ಹಾಕಿ. ಧನ್ಯವಾದಗಳು.