ತಿಕ್ಕು ತಿಕ್ಕು ತಿಕ್ಕು ಕೈ

(ಒಂದನೇ, ಎರಡನೇ ತರಗತಿಗೆ. ಮಕ್ಕಳು ಗುಂಡಗೆ ನಿಲ್ಲಲಿ. ಎಲ್ಲ ನುಡಿಗೂ ಪಲ್ಲವಿಯ ಧಾಟಿಯೇ.)

ಪಲ್ಲವಿ (ಎಲ್ಲರೂ ಕೈ ಉಜ್ಜುತ್ತಾ)
ತಿಕ್ಕು ತಿಕ್ಕು ತಿಕ್ಕು ಕೈ
ಬೆಳ್ಳನೆ ನೊರೆ ಉಕ್ಕಲಿ
ಉಜ್ಜು ಉಜ್ಜು ಉಜ್ಜು ಕೈ
ಕೊಳೆಯು ಓಡಿ ಹೋಗಲಿ!

ನಲ್ಲಿ ತಿರುಗಿಸಿ ಕೈಯ ನೆನೆಸು (ನಲ್ಲಿ ತಿರುಗಿಸುವಂತೆ)
ಸೋಪು ಹಚ್ಚುತ ನಲ್ಲಿ ನಿಲ್ಲಿಸು
ಅಂಗೈಗೆ ಅಂಗೈ ಸೇರಿಸು
ಗುಂಡಗೆ ಗುಂಡಗೆ ತಿರುಗಿಸು
(ಪಲ್ಲವಿ)

ಕೈಯ ಬೆನ್ನನು ಮರೆಯಬೇಡ
ಬೆರಳ ಸಂದಿಯ ಬಿಡಲೇಬೇಡ (ಬೆರಳು ಹೆಣೆದು)
ಹೆಬ್ಬೆರಳಣ್ಣ ಒಬ್ಬನೇ ನೋಡು
ಮುಷ್ಟಿಲಿ ಹಿಡಿದು ತಿರುಗಿಸಿಬಿಡು
(ಪಲ್ಲವಿ)

ಉಗುರಿನ ಕೆಳಗೆ ಯಾರಪ್ಪಾ? (ಉಗುರು ನೋಡುತ್ತಾ)
ಕಪ್ಪನೆ ಮಣ್ಣು ಕೂತಿದೆಯಪ್ಪಾ!
ಅಂಗೈ ಮೇಲೆ ಕೆರೆಯೋಣ
ಮಣ್ಣನು ಹೊರಗೆ ಕಳಿಸೋಣ
(ಇಲ್ಲಿ ಅವಸರ ಬೇಡ. ಮಕ್ಕಳು ಜಾಸ್ತಿ ಮರೆಯುವುದು ಉಗುರನ್ನೇ ಅಲ್ವಾ? ಈ ನುಡಿ ಎರಡು ಸಲ ಹಾಡಿಸಿ. ಆಮೇಲೆ ಪಲ್ಲವಿ.)

ಟೀಚರ್: ಊಟಕ್ಕೆ ಕೂರುವ ಮುಂಚೆ?
ಮಕ್ಕಳು: ತೊಳಿ ತೊಳಿ! (ಎರಡು ಚಪ್ಪಾಳೆ)
ಟೀಚರ್: ಶೌಚಕ್ಕೆ ಹೋಗಿ ಬಂದರೆ?
ಮಕ್ಕಳು: ತೊಳಿ ತೊಳಿ!
ಟೀಚರ್: ಮಣ್ಣಲಿ ಆಡಿ ಬಂದರೆ?
ಮಕ್ಕಳು: ತೊಳಿ ತೊಳಿ!
ಟೀಚರ್: ಮೂಗನು ಒರೆಸಿಕೊಂಡರೆ?
ಮಕ್ಕಳು: ತೊಳಿ ತೊಳಿ!
ಟೀಚರ್: ಸೀನು ಬಂದೇಬಿಟ್ಟರೆ?
ಮಕ್ಕಳು: ಮೊಣಕೈ ಮಡಚಿ... ಆಕ್ಷೀ! (ಮೊಣಕೈ ಒಳಗೆ ಮುಖ)

ಒಂದು ಎರಡು ಮೂರು ನಾಲ್ಕು
ಇಪ್ಪತ್ತರ ತನಕ ಉಜ್ಜಬೇಕು
(ಕೈ ಉಜ್ಜುತ್ತಲೇ 20ರವರೆಗೆ ನಿಧಾನವಾಗಿ ಎಣಿಸಿ)

ನಲ್ಲಿ ತೆರೆದು ನೊರೆಯ ತೊಳಿ
ಒದ್ದೆ ಕೈಯ ಝಾಡಿಸು (ಕೈ ಝಾಡಿಸಿ)
ಒಗೆದ ಬಟ್ಟೆಗೆ ಕೈಯ ಒರೆಸು
ನಲ್ಲಿ ಗಟ್ಟಿ ನಿಲ್ಲಿಸು!