ಕಾಫಿ ಹುರಿಯುವ ಹೊಸ ಘಟಕ: ಬಂಡವಾಳ ಹೂಡಿಕೆ ಕುರಿತು ನಿರ್ದೇಶಕ ಮಂಡಳಿಗೆ ಟಿಪ್ಪಣಿ

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾಫಿ ಸಂಸ್ಕರಣಾ ಘಟಕಕ್ಕೆ ಹೊಂದಿಕೊಂಡಿರುವ ಗೋದಾಮಿನಲ್ಲಿ ಹುರಿಯುವ, ಪುಡಿಮಾಡುವ ಮತ್ತು ಪ್ಯಾಕ್ ಮಾಡುವ ಸಾಲೊಂದನ್ನು ಸ್ಥಾಪಿಸುವ ಪ್ರಸ್ತಾವವನ್ನು ಮಂಡಳಿಯ ಮುಂದೆ ಇಡಲಾಗಿದೆ. ಸಾಗಣೆ ಮತ್ತು ಅಳವಡಿಕೆ ಸೇರಿ ಯಂತ್ರಗಳಿಗೆ 80 ಲಕ್ಷ ರೂಪಾಯಿ ತಗಲುತ್ತದೆ. ಪ್ರಾಯೋಗಿಕ ಹುರಿಯುವಿಕೆಗೆ ಈಗಾಗಲೇ ಆಗಿರುವ ಖರ್ಚು ಯಾವ ತೀರ್ಮಾನದಿಂದಲೂ ಹಿಂದಿರುಗದ ಕಾರಣ ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ. ಗೋದಾಮಿನಿಂದ ತಪ್ಪಿಹೋಗುವ ಬಾಡಿಗೆಯನ್ನು ಮಾತ್ರ ಪ್ರತಿ ವರ್ಷದ ಆದಾಯದಿಂದ ಕಳೆಯಲಾಗಿದೆ. ಸಾಲದ ಬಡ್ಡಿಯನ್ನು ಪ್ರತ್ಯೇಕವಾಗಿ ಕಳೆದಿಲ್ಲ, ಏಕೆಂದರೆ ಬಂಡವಾಳದ ವೆಚ್ಚವೆಂದು ತೆಗೆದುಕೊಂಡಿರುವ ಶೇ 12ರಲ್ಲೇ ಅದು ಅಡಕವಾಗಿದೆ.

ಸವಕಳಿ ಮತ್ತು ತೆರಿಗೆಗೆ ಮುನ್ನಿನ ಲಾಭವನ್ನು ಮೊದಲ ವರ್ಷ 16 ಲಕ್ಷ, ಎರಡನೆಯ ವರ್ಷ 28 ಲಕ್ಷ, ಆಮೇಲಿನ ಮೂರು ವರ್ಷ ತಲಾ 33 ಲಕ್ಷವೆಂದು ಅಂದಾಜಿಸಲಾಗಿದೆ. ಕಂಪನಿ ಆಯ್ದುಕೊಂಡಿರುವ ಶೇ 22ರ ತೆರಿಗೆಗೆ ಸರ್‌ಚಾರ್ಜ್ ಮತ್ತು ಸೆಸ್ ಸೇರಿದಾಗ ದರ ಶೇ 25.168 ಆಗುತ್ತದೆ. ಬೀಜವನ್ನು ಬೆಳೆಗಾರರಿಂದ ಕೊಂಡು ಹುರಿಯುವುದರಿಂದ, ಸ್ವಂತ ತೋಟದ ಕಾಫಿಗೆ ಸಿಗುವ ಕೃಷಿ ಆದಾಯದ ವಿಂಗಡಣೆ ನಮಗೆ ಅನ್ವಯಿಸುವುದಿಲ್ಲ. ಕೆಳಗಿನ ಅಂಕಿಗಳು ಲಕ್ಷ ರೂಪಾಯಿಗಳಲ್ಲಿವೆ. ದಶಮಾಂಶ ಕಡಿತಗೊಳಿಸಿದ್ದರಿಂದ ಕೊನೆಯ ಅಂಕಿಯಲ್ಲಿ ಅಲ್ಪ ವ್ಯತ್ಯಾಸ ಕಾಣಬಹುದು.

| ವರ್ಷ | ತೆರಿಗೆ ಕಳೆದ ಲಾಭ | ಸವಕಳಿಯ ತೆರಿಗೆ ಉಳಿತಾಯ | ದುಡಿಯುವ ಬಂಡವಾಳ | ಯಂತ್ರ | ಒಟ್ಟು ನಗದು | ಇಂದಿನ ಮೌಲ್ಯ |
|---|---|---|---|---|---|---|
| 0 | – | – | −24.00 | −80.00 | −104.00 | −104.00 |
| 1 | 11.97 | 3.02 | −6.00 | – | 8.99 | 8.03 |
| 2 | 20.95 | 2.57 | – | – | 23.52 | 18.75 |
| 3 | 24.69 | 2.18 | – | – | 26.88 | 19.13 |
| 4 | 24.69 | 1.85 | – | – | 26.55 | 16.87 |
| 5 | 24.69 | 3.41 | 28.00 | 20.00 | 76.10 | 43.18 |

ನಿವ್ವಳ ಪ್ರಸ್ತುತ ಮೌಲ್ಯ 1.97 ಲಕ್ಷ. 104 ಲಕ್ಷದ ಹೂಡಿಕೆಗೆ ಇದು ತೀರಾ ತೆಳುವಾದ ಅಂಚು.

ಯಂತ್ರಗಳ ಸವಕಳಿಯನ್ನು ಇಳಿಯುತ್ತಾ ಹೋಗುವ ಶಿಲ್ಕಿನ ಮೇಲೆ ಶೇ 15ರಂತೆ ಹಿಡಿಯಲಾಗಿದೆ: ಮೊದಲ ವರ್ಷ 12 ಲಕ್ಷ, ಎರಡನೆಯ ವರ್ಷ 10.20 ಲಕ್ಷ, ಹೀಗೆ. ಸವಕಳಿಯಲ್ಲಿ ಕೈಯಿಂದ ಹಣ ಹೋಗುವುದಿಲ್ಲ, ತೆರಿಗೆ ಮಾತ್ರ ಕಡಿಮೆಯಾಗುತ್ತದೆ. ಐದನೆಯ ವರ್ಷದ ಕೊನೆಗೆ ಯಂತ್ರಗಳು 20 ಲಕ್ಷಕ್ಕೆ ಮಾರಾಟವಾಗುತ್ತವೆ ಎಂದುಕೊಂಡರೆ, ಆ ವರ್ಷಾರಂಭದ 41.76 ಲಕ್ಷದ ಶಿಲ್ಕಿನಲ್ಲಿ 21.76 ಲಕ್ಷ ಉಳಿದುಬಿಡುತ್ತದೆ. ಪಠ್ಯಪುಸ್ತಕದ ಮಾದರಿಯಲ್ಲಿ ಇದನ್ನು ಅದೇ ವರ್ಷದ ನಷ್ಟವೆಂದು ತೋರಿಸಿದ್ದರೆ ನಿವ್ವಳ ಮೌಲ್ಯ 3.14 ಲಕ್ಷಕ್ಕೆ ಏರುತ್ತಿತ್ತು. ಆದರೆ ನಮ್ಮ ಹಳೆಯ ಸಂಸ್ಕರಣಾ ಯಂತ್ರಗಳೂ ಅದೇ ಆಸ್ತಿಗುಂಪಿನಲ್ಲಿರುವುದರಿಂದ ಗುಂಪು ಮುಂದುವರಿಯುತ್ತದೆ. ಉಳಿಕೆಯ ಮೇಲೆ ವರ್ಷವರ್ಷವೂ ಶೇ 15 ಮಾತ್ರ ಸಿಗುತ್ತದೆ. ಆ ಮುಂದಿನ ಉಳಿತಾಯಗಳನ್ನೆಲ್ಲ ಐದನೆಯ ವರ್ಷದ ಮೌಲ್ಯಕ್ಕೆ ಇಳಿಸಿದಾಗ ಬರುವ ಮೊತ್ತವೇ ಪಟ್ಟಿಯಲ್ಲಿರುವ 3.41 ಲಕ್ಷ. ಒಟ್ಟಾರೆ ತೆರಿಗೆ ಉಳಿತಾಯದ ಇಂದಿನ ಮೌಲ್ಯ 9.41 ಲಕ್ಷ, ಇದಿಲ್ಲದಿದ್ದರೆ ಯೋಜನೆ 7.44 ಲಕ್ಷ ನಷ್ಟದಲ್ಲಿರುತ್ತದೆ.

ಲೆಕ್ಕಕ್ಕೆ ನಿಜವಾದ ಅಪಾಯವಿರುವುದು ದುಡಿಯುವ ಬಂಡವಾಳದಲ್ಲಿ ಎಂಬುದು ನನ್ನ ಅಭಿಪ್ರಾಯ. ಕೊಡಗಿನಲ್ಲಿ ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುವುದರಿಂದ, ವರ್ಷವಿಡೀ ಹುರಿಯಲು ಬೇಕಾದ ಬೀಜವನ್ನು ಆಗಲೇ ಕೊಂಡು ಮಳೆಗಾಲ ದಾಟಿಸಬೇಕು. ಆದ್ದರಿಂದ ಮಾರ್ಚ್ 31ಕ್ಕೆ ನಮ್ಮ ದಾಸ್ತಾನು ತುಂಬಿ ತುಳುಕುತ್ತಿರುತ್ತದೆ. ಹಣಕಾಸು ವರ್ಷ ಮುಗಿಯುವ ಆ ದಿನವೇ ಬಂಡವಾಳ ಹಿಂದಿರುಗುತ್ತದೆಂದು ಬರೆಯುವುದು ಸುಲಭ, ಪಡೆಯುವುದು ಕಷ್ಟ. ಐದನೆಯ ವರ್ಷದ ಕೊಯ್ಲಿನಲ್ಲಿ ಹೊಸ ಬೀಜ ಕೊಳ್ಳದೆ, ಇರುವುದನ್ನು ಹುರಿದು ಮುಗಿಸಿದರೆ ಮಾತ್ರ ಮೇಲಿನ ಪಟ್ಟಿ ನಿಲ್ಲುತ್ತದೆ. ಮಡಿಕೇರಿ, ವಿರಾಜಪೇಟೆಯ ಅಂಗಡಿಗಳ ಬಾಕಿ ಮತ್ತು ಹೆಸರು ಮುದ್ರಿಸಿದ, ಬೇರೆಯವರಿಗೆ ಉಪಯೋಗವಿಲ್ಲದ ಪ್ಯಾಕೆಟ್ ಹಾಳೆಗಳಿಂದಾಗಿ ತೊಡಗಿಸಿದ 30 ಲಕ್ಷದಲ್ಲಿ 2 ಲಕ್ಷ ಬಾರದೆಂದು ಹಿಡಿದಿದ್ದೇನೆ. ಆ ನಷ್ಟದ ತೆರಿಗೆ ಲಾಭವನ್ನು ಎಣಿಸಿಲ್ಲ. ವಾಪಸಾತಿ 24.53 ಲಕ್ಷಕ್ಕೆ ಇಳಿದರೆ ನಿವ್ವಳ ಮೌಲ್ಯ ಸೊನ್ನೆಯಾಗುತ್ತದೆ. ಲಾಭದ ಅಂದಾಜಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಾವು ಅಂಗಡಿಗಳಿಗೆ ಸಾಲ ಕೊಡುವ ಅವಧಿಯನ್ನು ಮಾರಾಟ ವಿಭಾಗಕ್ಕೆ ಬಿಟ್ಟಿರುವುದು ಸರಿಯಲ್ಲ.

ಯಂತ್ರ ಯಾವಾಗ ಓಡಲು ಶುರುವಾಗುತ್ತದೆ ಎಂಬುದೂ ಮುಖ್ಯ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ ಆಸ್ತಿಗೆ ಮೊದಲ ವರ್ಷ ಅರ್ಧ ಸವಕಳಿ ಮಾತ್ರ. ಮುಂಗಾರಿನಲ್ಲಿ ಅಡಿಪಾಯದ ಕೆಲಸ, ವಿದ್ಯುತ್ ಸಂಪರ್ಕ ಎರಡೂ ತಡವಾಗಿ ಅಕ್ಟೋಬರ್ ಮೊದಲ ದಿನಗಳು ದಾಟಿದರೆ, ಮಾರಾಟದ ನಷ್ಟ ಬೇರೆ, ತೆರಿಗೆ ಉಳಿತಾಯದ ಇಂದಿನ ಮೌಲ್ಯದಲ್ಲಷ್ಟೇ ಸುಮಾರು 60,000 ರೂಪಾಯಿ ಕಡಿಮೆಯಾಗುತ್ತದೆ.

ಆದ್ದರಿಂದ, ಅಂಗಡಿಗಳಿಗೆ 30 ದಿನಕ್ಕಿಂತ ಹೆಚ್ಚು ಸಾಲ ಕೊಡಬಾರದು, ಬೀಜದ ಖರೀದಿ ಮಿತಿಯನ್ನು ಪ್ರತಿ ಡಿಸೆಂಬರ್‌ನಲ್ಲಿ ಮಂಡಳಿಯೇ ನಿಗದಿಪಡಿಸಬೇಕು ಮತ್ತು ಮಳೆ ಹಿಡಿಯುವ ಮುನ್ನ ಅಳವಡಿಕೆ ಮುಗಿಸುವ ಲಿಖಿತ ಒಪ್ಪಂದ ಯಂತ್ರ ಪೂರೈಕೆದಾರರಿಂದ ದೊರೆಯಬೇಕು ಎಂಬ ಷರತ್ತುಗಳೊಂದಿಗೆ ಪ್ರಸ್ತಾವವನ್ನು ಅಂಗೀಕರಿಸಲು ಶಿಫಾರಸು ಮಾಡುತ್ತೇನೆ. ಮೊದಲ ಷರತ್ತನ್ನು ಮಂಡಳಿ ಒಪ್ಪದಿದ್ದರೆ ಪ್ರಸ್ತಾವವನ್ನು ಮುಂದೂಡಬೇಕು.

ಹಣಕಾಸು ವ್ಯವಸ್ಥಾಪಕ