ಮೈಲಾರದ ಕಾರ್ಣಿಕ: ಒಂದೇ ಕಥೆ ಅಲ್ಲ

1/5
ವಿಜಯನಗರ ಜಿಲ್ಲೆ, ಹೂವಿನಹಡಗಲಿ ತಾಲೂಕಿನ ಮೈಲಾರ. ಭರತ ಹುಣ್ಣಿಮೆ ಆದಮೇಲೆ ಅಲ್ಲಿನ ಡೆಂಕನಮರಡಿಯಲ್ಲಿ ಮೈಲಾರಲಿಂಗ ದೇವರ ಕಾರ್ಣಿಕ, ಅಂದರೆ ಭವಿಷ್ಯವಾಣಿ. ನಮ್ಮ ಅಜ್ಜ ಹೇಳಿದ್ದೇ ಇದರ ಪೂರ್ತಿ ಇತಿಹಾಸ ಅಂದುಕೊಂಡಿದ್ದೆ. ಅಲ್ಲವಂತೆ.

2/5
ದೇವರ ಸೇವೆಯ ಗೊರವಯ್ಯ ಉಪವಾಸವಿದ್ದು ಎತ್ತರದ ಬಿಲ್ಲನ್ನು ಏರುತ್ತಾರೆ. ಮೈಮೇಲೆ ಕರಿ ಕಂಬಳಿ. ಮೇಲೆ ನಿಂತು ‘ಸದ್ದಲೇ!’ ಅಂದರೆ ಅಷ್ಟೂ ಜನ ಗಪ್‌ಚಿಪ್. ಒಂದೇ ಒಂದು ಸಾಲು ನುಡಿದು ಕೆಳಗೆ ಧುಮುಕುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರು: ಮಳೆಗೆ ಹೇಳಿದ್ದಾ, ರಾಜಕೀಯಕ್ಕಾ? (ಟಿವಿಯವರಿಗೆ ಎರಡನೆಯದೇ ಜಾಸ್ತಿ ಇಷ್ಟ.)

3/5
ಈಗ ಮೂಲದ ಮಾತು. ಪುರಾಣ ಹೇಳುವವರಿಗೆ ಮೈಲಾರಲಿಂಗ ಅಂದರೆ ಮಣಿ-ಮಲ್ಲಾಸುರರನ್ನು ಕೊಂದ ಶಿವ, ಮಾರ್ತಾಂಡ ಭೈರವ. ಕುರುಬರಿಗೆ ಅವನು ಕುರಿ ಹಿಂದೆ ಬಂದ ಮನೆದೇವರು. ಗಂಗಿಮಾಳವ್ವನ ಜೊತೆ ಕುರುಬತ್ಯೆವ್ವನೂ ಅವನ ಹೆಂಡತಿ. ಮಹಾರಾಷ್ಟ್ರದ ಜೇಜುರಿಯಲ್ಲಿ ಇವನೇ ಖಂಡೋಬಾ. ಅಲ್ಲಿ ಅವನ ಹೆಂಡತಿಯರಲ್ಲಿ ಮ್ಹಾಳಸಾ ಲಿಂಗಾಯತ ವ್ಯಾಪಾರಿ ಮನೆಯವಳು, ಬಾಣಾಯಿ ಕುರಿ ಕಾಯುವ ಧನಗರರ ಮಗಳು. ತೆಲುಗರಿಗೆ ಮಲ್ಲಣ್ಣ.

4/5
ಯಾವುದು ‘ನಿಜ’ ಅಂತ ಕೇಳಬೇಡಿ. ಸಮುದಾಯಗಳು ಹಾಡಿಕೊಂಡು ಬಂದ ಕಥೆಗೆ ಇಸವಿ ಹಚ್ಚೋದು ಸರಿಯಲ್ಲ. ಒಂದು ಕಥೆಯನ್ನು ‘ಆಮೇಲೆ ಸೇರಿಸಿದ್ದು’ ಅಂತ ಸುಮ್ನೆ ತಳ್ಳಿಹಾಕೋದೂ ತಪ್ಪು, ಅಲ್ವಾ?

5/5
ಇನ್ನೊಂದು: ಕಾರ್ಣಿಕ ಮೈಲಾರಕ್ಕೆ ಮಾತ್ರ ಸೀಮಿತವಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲೂ ದಸರಾ ಹೊತ್ತಿಗೆ ನಡೆಯುತ್ತದೆ. ಮೈಲಾರಲಿಂಗನ ಭಕ್ತರ ‘ಏಳುಕೋಟಿ’ ಕೂಗಿಗೆ ನಿಮ್ಮ ಮನೆಯಲ್ಲಿ ಏನು ಅರ್ಥ ಹೇಳುತ್ತಾರೆ? ಯಾವ ಊರು, ಯಾರ ಬಾಯಲ್ಲಿ ಕೇಳಿದ್ದು ಅಂತಲೂ ಬರೆಯಿರಿ.